ಗೂಡು ಎಲ್ಲಿ ಅಂಟಿದೆ, ಮೊದಲು ಅದನ್ನು ನೋಡಿ

ಗೂಡಿನ ಫೋಟೊ ಕಳುಹಿಸಿ ‘ಇದು ಯಾವ ಹುಳ?’ ಎಂದು ಕೇಳುವವರು ಸಾಮಾನ್ಯವಾಗಿ ಹುಳದ ಕಡೆಗೇ ಝೂಮ್ ಮಾಡಿರುತ್ತಾರೆ. ಮೂರನೇ ಮಹಡಿಯ ಎತ್ತರದಲ್ಲಿರುವ ಗೂಡನ್ನು ನೆಲದಿಂದ ಮೊಬೈಲಿನಲ್ಲಿ ಹಿಡಿದರೆ ಹುಳ ಬರೀ ಕಂದು ಚುಕ್ಕೆಯಾಗಿ ಬರುತ್ತದೆ. ರೆಕ್ಕೆಯೂ ಕಾಣದು, ಹೊಟ್ಟೆಯ ಪಟ್ಟೆಯೂ ಕಾಣದು. ಗೂಡು ಮಾತ್ರ ಕದಲದೆ ಇರುತ್ತದೆ, ಸ್ಪಷ್ಟವಾಗಿ ಬರುತ್ತದೆ. ಅದು ತನ್ನ ಆಸರೆಗೆ ಎಲ್ಲಿ, ಹೇಗೆ ಅಂಟಿಕೊಂಡಿದೆ ಎಂದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಉತ್ತರ ಅಲ್ಲೇ ಸಿಗುತ್ತದೆ. ಗೂಡಿನ ಮರಿಗಳನ್ನು ತಿನ್ನಲು ಬರುವ ಇರುವೆ ಆ ಅಂಟಿನ ಮೇಲೇ ನಡೆದು ಬರಬೇಕು. ಆ ದಾರಿಯನ್ನು ಒಂದೊಂದು ಜಾತಿ ಒಂದೊಂದು ರೀತಿಯಲ್ಲಿ ಕಾಯುತ್ತದೆ.

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ತಲೆಯೆತ್ತಿ ಹುಡುಕಬೇಕಾದದ್ದು ಹೆಜ್ಜೇನು. ಅದಕ್ಕೆ ಎತ್ತರ ಬೇಕು, ಮಳೆ ನೀರು ನೇರವಾಗಿ ಹರಿಯದ ಗಟ್ಟಿ ತಳಭಾಗ ಬೇಕು. ಕಾಡಿನಲ್ಲಿ ದೊಡ್ಡ ಮರದ ಕೊಂಬೆ, ಬಂಡೆಯ ಚಾಚು ಕೊಡುತ್ತಿದ್ದ ಆಸರೆಯನ್ನು ಊರಿನಲ್ಲಿ ಓವರ್‌ಹೆಡ್ ಟ್ಯಾಂಕಿನ ಅಡಿ, ಎತ್ತರದ ಕಟ್ಟಡದ ಸಜ್ಜಾ, ಸೇತುವೆಯ ತೊಲೆ ಕೊಡುತ್ತವೆ. ಹೆಜ್ಜೇನು ಒಂದೇ ಒಂದು ಎರಿ ಕಟ್ಟುತ್ತದೆ. ಅಗಲ ಒಂದು ಮೀಟರನ್ನೂ ದಾಟಬಹುದು. ಕೆಳಗಿನ ಅಂಚು ಅರ್ಧಚಂದ್ರದಂತೆ ಬಾಗಿರುತ್ತದೆ. ಮೇಲಿನ ಒಂದು ಮೂಲೆ ಉಳಿದ ಭಾಗಕ್ಕಿಂತ ದಪ್ಪ, ಜೇನುತುಪ್ಪ ಇರುವುದು ಅಲ್ಲಿ. ಇರುವೆಯನ್ನು ತಡೆಯಲು ಈ ಜಾತಿ ಬೇರೇನೂ ಕಟ್ಟಿಕೊಂಡಿಲ್ಲ, ನೊಣಗಳನ್ನೇ ನಿಲ್ಲಿಸಿದೆ. ಎರಿಯ ಎರಡೂ ಬದಿಗೆ ಪದರ ಪದರವಾಗಿ ನೊಣಗಳು ಒಂದನ್ನೊಂದು ಹಿಡಿದು ಪರದೆಯಂತೆ ನಿಂತಿರುತ್ತವೆ. ಹಾಗಾಗಿ ಹೆಜ್ಜೇನಿನ ಫೋಟೊದಲ್ಲಿ ಮೇಣ ಕಾಣುವುದೇ ಅಪರೂಪ.

ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ಪಾಲಾಗಿ ಹೊರಟ ಅಥವಾ ವಲಸೆಯ ನಡುವೆ ದಣಿವಾರಿಸಿಕೊಳ್ಳಲು ಇಳಿದ ಹಿಂಡೂ ಕಪ್ಪಾಗಿ ಜೋತು ಬಿದ್ದಿರುತ್ತದೆ. ಅದರಲ್ಲಿ ಎರಿಯೇ ಇರುವುದಿಲ್ಲ. ಎರಿ ಇದ್ದರೆ ಪಕ್ಕದಿಂದ ತೆಗೆದ ಚಿತ್ರದಲ್ಲಿ ಗೂಡು ತೆಳ್ಳಗೆ ಹಲಗೆಯಂತೆ ಕಾಣುತ್ತದೆ, ಮುಂದಿನಿಂದ ಅಗಲವಾಗಿ. ಬರೀ ಹಿಂಡಾದರೆ ಯಾವ ಕಡೆಯಿಂದ ತೆಗೆದರೂ ಅದು ಉರುಟು ಗೊಂಚಲು. ಆದ್ದರಿಂದ ಒಂದು ಫೋಟೊ ಸಾಲದು. ದೂರದಿಂದಲೇ ಎರಡು ದಿಕ್ಕಿನಿಂದ ತೆಗೆಯಬೇಕು. ಬಿಡುವಿಗೆ ಇಳಿದ ಹಿಂಡು ಹೆಚ್ಚಾಗಿ ಕೆಲವು ಗಂಟೆ, ಕೆಲವು ದಿನಗಳಲ್ಲಿ ತಾನಾಗಿ ಹೊರಡುತ್ತದೆ. ಅದಕ್ಕೆ ಹೊಗೆ ಹಾಕಿಸುವ ಮುನ್ನ ಇಷ್ಟನ್ನು ಖಚಿತಪಡಿಸಿಕೊಳ್ಳುವುದು ಜನಕ್ಕೂ ಒಳ್ಳೆಯದು, ಜೇನಿಗೂ ಒಳ್ಳೆಯದು.

ಖಾಲಿ ಜಾಗದ ಚಿತ್ರವೂ ಮಾತಾಡುತ್ತದೆ. ಹೂವು ಮುಗಿದಾಗ ಹೆಜ್ಜೇನು ಎರಿ ಬಿಟ್ಟು ವಲಸೆ ಹೋಗುತ್ತದೆ, ಕಾಂಕ್ರೀಟಿನ ಮೇಲೆ ಉದ್ದಕ್ಕೆ ಮೇಣದ ಗೆರೆ ಉಳಿಯುತ್ತದೆ. ಅದೇ ಟ್ಯಾಂಕಿನಡಿ ವರ್ಷವೂ ಗೂಡು ಕಾಣಿಸುವುದು ಕಾಕತಾಳೀಯವಲ್ಲ. ಅಸ್ಸಾಮಿನ ಹೆಜ್ಜೇನುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದ ಸಂಶೋಧಕರು, ವಲಸೆ ಹೋದ ಕುಟುಂಬಗಳು ತಮ್ಮ ಹಳೆಯ ಜಾಗಕ್ಕೇ ಮರಳುವುದನ್ನು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಈಗ ತುಸು ಕಷ್ಟದ ಚಿತ್ರವೊಂದನ್ನು ಓದೋಣ. ದಾವಣಗೆರೆಯ ಯಾವುದೋ ಬಡಾವಣೆಯಲ್ಲಿ ಕಾಂಪೌಂಡಿನ ದಾಸವಾಳದ ಪೊದೆ. ಎದೆಯೆತ್ತರದಲ್ಲಿ, ಎಲೆಗಳ ನಡುವೆ, ಅಂಗೈಗಿಂತ ತುಸು ದೊಡ್ಡದಾದ ಒಂದೇ ಎರಿ. ಅದರ ತುಂಬ ನೊಣ. ‘ಹೆಜ್ಜೇನು ಈಗಷ್ಟೇ ಕಟ್ಟಲು ಶುರುಮಾಡಿದೆ, ದೊಡ್ಡದಾಗುವ ಮುನ್ನ ತೆಗೆಸಿಬಿಡಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದೇ ಎರಿ, ಬಯಲಿನಲ್ಲೇ ಇದೆ, ಮೈತುಂಬ ನೊಣ: ಎಲ್ಲವೂ ಹೆಜ್ಜೇನಿಗೆ ಹೊಂದುವಂತೆಯೇ ಇದೆ. ಆದರೆ ಎರಿಯೂ ಕಡ್ಡಿಯೂ ಕೂಡುವ ಜಾಗವನ್ನು ನೋಡಿ. ಹೆಜ್ಜೇನಿನ ಎರಿ ಕೊಂಬೆಯ ಅಡಿಗೆ ಮಾತ್ರ ಅಂಟುತ್ತದೆ. ಕೊಂಬೆಯ ಬೆನ್ನು ಖಾಲಿ. ಈ ಚಿತ್ರದಲ್ಲಿ ಕಡ್ಡಿ ಎರಿಯ ಮೇಲ್ಭಾಗವನ್ನು ತೂರಿಕೊಂಡು ಹೋಗಿದೆ. ಮೇಣದ ಕೋಣೆಗಳು ಕಡ್ಡಿಯನ್ನು ಸುತ್ತ ತಬ್ಬಿ, ಅದರ ಮೇಲೂ ಎದ್ದು, ಉಬ್ಬಿದ ತಲೆಯಂತಾಗಿವೆ. ಇದು ಕೋಲುಜೇನು. ಕಡ್ಡಿಜೇನು ಎಂದೂ ಅನ್ನುತ್ತಾರೆ. ಅದರ ಎರಿ ಎಷ್ಟು ಬೆಳೆದರೂ ಹೆಜ್ಜೇನಿನ ಗಾತ್ರಕ್ಕೆ ಬರದು.

ಆ ಉಬ್ಬಿದ ತಲೆಗೆ ಎರಡು ಕೆಲಸಗಳಿವೆ. ತುಪ್ಪದ ದಾಸ್ತಾನು ಅಲ್ಲಿದೆ. ಅದರ ಮೇಲೆ ತುಸು ಚಪ್ಪಟೆಯಾದ ಜಾಗವಿದ್ದು, ಹೂವಿನ ಸುದ್ದಿ ತಂದ ನೊಣ ಅಲ್ಲಿ ಇಳಿದು ಕುಣಿಯುತ್ತದೆ. ಬೇರೆ ಜೇನುಗಳು ಲಂಬವಾದ ಎರಿಯ ಮೇಲೆ ಕುಣಿಯುತ್ತವೆ, ಹಾಗಾಗಿ ಸೂರ್ಯನ ದಿಕ್ಕನ್ನು ಮೇಲೆ–ಕೆಳಗಿನ ಲೆಕ್ಕಕ್ಕೆ ತಿರುಗಿಸಿ ಹೇಳಬೇಕು. ಕೋಲುಜೇನು ಸಮತಟ್ಟಿನ ಮೇಲೆ ಕುಣಿದು ಹೂವಿರುವ ದಿಕ್ಕಿಗೇ ನೇರವಾಗಿ ಓಡಿ ತೋರಿಸುತ್ತದೆ. ಜರ್ಮನಿಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕೆಗೆ ಬಂದು ಇದನ್ನು ಅಧ್ಯಯನ ಮಾಡಿದರು. ಎಂದರೆ ಫೋಟೊದಲ್ಲಿ ಕಾಣುವ ಆ ಉಬ್ಬು ಈ ಜಾತಿಯ ಮಾತುಕತೆಗೆ ಬೇಕಾದ ಜಗಲಿ.

ಇರುವೆಯ ಮಾತು ಉಳಿದಿದೆ. ಎದೆಯೆತ್ತರದ ಪೊದೆಯಲ್ಲಿ ಇರುವೆ ಎಲ್ಲೆಲ್ಲೂ ಇರುತ್ತದೆ, ಸಣ್ಣ ಕುಟುಂಬ ಪರದೆ ಕಟ್ಟಿ ಅದನ್ನು ತಡೆಯಲಾರದು. ಚಿತ್ರವನ್ನು ಹಿಗ್ಗಿಸಿ ಎರಿಯ ಎಡಕ್ಕೂ ಬಲಕ್ಕೂ ಕಡ್ಡಿಯ ತೊಗಟೆಯನ್ನು ಗಮನಿಸಿ: ಅಲ್ಲಿ ಗಾಢ ಬಣ್ಣದ, ಹೊಳೆಯುವ ಪಟ್ಟಿ ಬಳಿದಂತೆ ಕಾಣಬಹುದು. ಗಿಡಗಳಿಂದ ತಂದ ಅಂಟು ಅದು. ಮೇಲೆ ಕಾಲಿಟ್ಟ ಇರುವೆ ಸಿಕ್ಕಿಕೊಳ್ಳುತ್ತದೆ. ತಬ್ಬಿದ ಕಡ್ಡಿ, ಎರಡು ಬದಿಗೆ ಅಂಟಿನ ಪಟ್ಟಿ ಎರಡೂ ಕಂಡರೆ ನೊಣದ ಮುಖ ನೋಡುವ ಅಗತ್ಯವೇ ಇಲ್ಲ.

ನೊಣ ಬಿಟ್ಟುಹೋದ ಎರಿಯ ತುಂಡು ಕೈಗೆ ಸಿಕ್ಕಿದರೆ ಅಳತೆಯಿಂದ ತಾಳೆ ನೋಡಬಹುದು. ಸಾಲಾಗಿ ಹತ್ತು ಕೋಣೆ ಎಣಿಸಿ ಸ್ಕೇಲ್ ಇಡಿ. ಕೆಲಸಗಾರ ನೊಣದ ಕೋಣೆಗಳಾದರೆ ಕೋಲುಜೇನಿನದು ಸುಮಾರು 3 ಸೆಂಟಿಮೀಟರ್, ತುಡುವೆಯದು 4ಕ್ಕಿಂತ ಸ್ವಲ್ಪ ಹೆಚ್ಚು, ಹೆಜ್ಜೇನಿನದು 5.4ರ ಆಸುಪಾಸು. ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಮೆಲ್ಲಿಫೆರಾ ಜೇನಿನ ಅಳತೆಯೂ ಹೆಜ್ಜೇನಿಗೆ ತೀರ ಹತ್ತಿರ. ಆದ್ದರಿಂದ ಅಳತೆಯೊಂದನ್ನೇ ನಂಬಿ ಆ ಎರಡನ್ನು ಬೇರ್ಪಡಿಸಬಾರದು.

ತುಡುವೆಯದು ಬಯಲಿನ ಗೂಡಲ್ಲ. ಮರದ ಪೊಟರೆ, ಹಳೆಯ ಗೋಡೆಯ ಸಂದು, ಮುಚ್ಚಿಟ್ಟ ಮೀಟರ್ ಪೆಟ್ಟಿಗೆಯಂಥ ಕತ್ತಲೆಯ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಇಕ್ಕಟ್ಟಾದ ಬಾಗಿಲೇ ಅದರ ಕಾವಲು. ಫೋಟೊದಲ್ಲಿ ಸಿಗುವುದು ಒಂದು ತೂತು, ಬಂದುಹೋಗುವ ನಾಲ್ಕಾರು ನೊಣ ಅಷ್ಟೆ. ಆ ತೂತಿನಿಂದ ಅಂಟಿನ ಪುಟ್ಟ ಕೊಳವೆ ಹೊರಚಾಚಿದ್ದು, ನೊಣ ಸೊಳ್ಳೆಯಷ್ಟು ಚಿಕ್ಕದಾಗಿದ್ದರೆ ಅದು ತುಡುವೆಯಲ್ಲ, ಚುಚ್ಚದ ಮುಜಂಟಿ.

ಕಣಜಕ್ಕೆ ಬಂದರೆ ವಸ್ತುವೇ ಬದಲಾಗುತ್ತದೆ. ಜೇನು ತನ್ನ ಹೊಟ್ಟೆಯ ಗ್ರಂಥಿಗಳಿಂದ ಒಸರಿದ ಮೇಣದಿಂದ ಕಟ್ಟಿದರೆ, ಕಣಜ ಮರದ ನಾರನ್ನು ಕೆರೆದು ಜೊಲ್ಲಿನೊಂದಿಗೆ ಅಗಿದು ಕಾಗದ ಮಾಡುತ್ತದೆ. ಬೂದು, ಒಣ ಬಣ್ಣ. ಜೇನಿನ ಎರಿಯಲ್ಲಿ ಕೋಣೆಗಳು ಎರಡೂ ಬದಿಗೆ ಅಡ್ಡಲಾಗಿ ತೆರೆದುಕೊಳ್ಳುತ್ತವೆ. ಕಣಜದ್ದಕ್ಕೆ ಒಂದೇ ಮುಖ, ಸಾಮಾನ್ಯವಾಗಿ ಕೆಳಕ್ಕೆ. ಕಣಜ ತುಪ್ಪ ಕೂಡಿಡುವುದಿಲ್ಲ, ಆ ಕೋಣೆಗಳಲ್ಲಿ ಇರುವುದು ಮೊಟ್ಟೆ ಮತ್ತು ಮರಿ. ಕಿಟಕಿಯ ಮೇಲಿನ ಸಜ್ಜಾದಿಂದ ಗೂಡು ತೂಗುವುದು ಒಂದೇ ತೆಳು ತೊಟ್ಟಿನಿಂದ. ಇರುವೆಗೆ ಇರುವುದು ಆ ತೊಟ್ಟಿನ ದಾರಿ ಮಾತ್ರ. ಹಲವು ಜಾತಿಯ ಕಣಜಗಳು ಅದಕ್ಕೆ ಹೊಟ್ಟೆಯ ತುದಿಯಿಂದ ಇರುವೆಗೆ ಆಗದ ದ್ರವವನ್ನು ಸವರುತ್ತವೆ.

ಕಡಜದ ಗೂಡು ಈ ಕಾಗದದ ಕೆಲಸದ್ದೇ ದೊಡ್ಡ ರೂಪ. ಕಾಗದದ ಎರಿಗಳು ಮಹಡಿಗಳಂತೆ ಒಂದರ ಕೆಳಗೊಂದು, ಅವುಗಳ ನಡುವೆ ಕಿರುಗಂಬಗಳು, ಹೊರಗೆ ಪದರಗಳ ಹೊದಿಕೆ. ಪೂರ್ತಿ ಬೆಳೆದದ್ದರಲ್ಲಿ ಒಳಗಿನ ಕೋಣೆ ಹೊರಗೆ ಕಾಣುವುದೇ ಇಲ್ಲ. ಹೊದಿಕೆ ಇದ್ದರೆ ಕಡಜದ ಅನುಮಾನ ಬಲವಾಗುತ್ತದೆ, ಕಡಜಗಳಲ್ಲಿ ಯಾವುದು ಎಂದು ಹೇಳಲು ಮಾತ್ರ ಹುಳದ ಹೊಟ್ಟೆಯೇ ಬೇಕು. ಕಪ್ಪು ಮೈ, ಹೊಟ್ಟೆಯ ಎರಡನೆಯ ಖಂಡಕ್ಕೆ ಮಾತ್ರ ಅಗಲವಾದ ಹಳದಿ ಪಟ್ಟೆ ಇದ್ದರೆ ವೆಸ್ಪಾ ಟ್ರೋಪಿಕಾ. ಮೊದಲ ಎರಡು ಖಂಡಗಳೂ ಹಳದಿಯಾದರೆ ವೆಸ್ಪಾ ಅಫಿನಿಸ್.

ಇದೇ ಟ್ರೋಪಿಕಾ ಅತ್ಯಂತ ದಾರಿ ತಪ್ಪಿಸುವ ಫೋಟೊವನ್ನು ಕೊಡುತ್ತದೆ. ಸಜ್ಜಾದ ಕೆಳಗೆ ಹೊದಿಕೆಯಿಲ್ಲದ ಬೂದು ಎರಿ. ಅದರ ಮೇಲೆ ದೊಡ್ಡ ಕಡಜವೊಂದು ತಲೆಯನ್ನು ಕೋಣೆಯೊಳಗೆ ಹಾಕಿದೆ. ನೋಡಿದವರು ಕಡಜದ ಗೂಡು ಎಂದೇ ಬಗೆಯುತ್ತಾರೆ. ಆದರೆ ಕೋಣೆಯ ಬಾಯಿಗಿಂತ ಹುಳದ ತಲೆ ದೊಡ್ಡದಿದೆ, ಕೋಣೆಗಳ ಅಂಚು ಹರಿದಿದೆ. ಚಿತ್ರದ ಮೂಲೆಯಲ್ಲಿ, ಗೋಡೆಯ ಮೇಲೆ, ಸಣ್ಣ ಕೆಂಗಂದು ಕಣಜಗಳು ಸುಮ್ಮನೆ ಕೂತಿವೆ. ಗೂಡು ಅವುಗಳದು. ಕಡಜ ಒಂದೊಂದೇ ಕೋಣೆಯಿಂದ ಮರಿಗಳನ್ನು ಕಿತ್ತು ಒಯ್ಯುತ್ತಿದೆ. ಕಾಗದದ ಕಣಜಗಳ ಮರಿಯೇ ಅದರ ಮುಖ್ಯ ಬೇಟೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಲಿಡಿಯ ಮಾರ್ಜಿನೇಟ ಇಂಥದೇ ಕಣಜ. ಅವರ ತಂಡ ಕಣಜಗಳಿಗಾಗಿ ಕಟ್ಟಿದ ದೊಡ್ಡ ಪಂಜರದ ಜಾಲರಿಯಲ್ಲಿ ಕಣ್ಣುಗಳ ಅಳತೆಯನ್ನು ಲೆಕ್ಕ ಹಾಕಿ ಇಟ್ಟಿತ್ತು: ರೋಪಲಿಡಿಯ ಹೊರಗೆ ಹೋಗಿ ಬರಬಹುದು, ಟ್ರೋಪಿಕಾ ಒಳಗೆ ನುಸುಳಲಾರದು. ಸ್ವತಂತ್ರವಾಗಿರುವ ಕಣಜಗಳೂ ಇದೇ ಉಪಾಯ ಮಾಡುತ್ತವೆ. ಸಣ್ಣ ಸಂದಿನಿಂದಷ್ಟೇ ಪ್ರವೇಶವಿರುವ ಮುಚ್ಚಿದ ಜಾಗ ಸಿಕ್ಕರೆ, ಅಲ್ಲಿ ಗೂಡು ಕಟ್ಟುವುದು ಅವಕ್ಕೆ ಹೆಚ್ಚು ಇಷ್ಟ. ಹಾಗಾಗಿ ಈ ಕಣಜದ ಗೂಡನ್ನು ಹುಡುಕುವವರು ಸಜ್ಜಾವನ್ನಷ್ಟೇ ಅಲ್ಲ, ಬಳಸದ ಪೈಪಿನ ಬಾಯಿ, ಗೇಟಿನ ಟೊಳ್ಳು ಕಂಬ, ಕಿಟಕಿಯ ಜಾಲರಿಯ ಹಿಂದಿನ ಮೂಲೆಗಳನ್ನೂ ದೂರದಿಂದ ನೋಡಬೇಕು. ಅಲ್ಲಿ ಫೋಟೊ ತೆಗೆಯುವಾಗ ಪ್ರವೇಶದ ಸಂದನ್ನೂ ಚೌಕಟ್ಟಿನೊಳಗೆ ಸೇರಿಸಿಕೊಳ್ಳಿ. ಒಳಗಿರುವವರ ಗಾತ್ರಕ್ಕೆ ಆ ಸಂದಿನ ಅಗಲವೇ ಮೇಲ್ಮಿತಿ.