ರೆಫರ್ ಮಾಡಿದವರಿಗೆ ಏನಾಯಿತೆಂದು ತಿಳಿಸಿದಿರಾ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. ರೆಸ್ಯೂಮೆ ಕಳಿಸುವಾಗ ಹಗಲು ರಾತ್ರಿ ಮೆಸೇಜ್ ಹಾಕಿದವರು ಇಂಟರ್‌ವ್ಯೂ ಮುಗಿದ ಮೇಲೆ ಸದ್ದಡಗಿಬಿಡುತ್ತಾರೆ. ಉಪಕಾರ ಮರೆತರು ಎನ್ನುವಂತಿಲ್ಲ. ‘ಅವರು ಅದೇ ಕಂಪನಿಯವರು, ಫಲಿತಾಂಶ ನನಗಿಂತ ಮೊದಲೇ ಗೊತ್ತಾಗಿರುತ್ತೆ’ ಎಂದುಕೊಂಡಿರುತ್ತಾರೆ, ಅಷ್ಟೆ.

ನಿಜಕ್ಕೂ ರೆಫರ್ ಮಾಡಿದವರಿಗೆ ಕಂಪನಿಯ ಪೋರ್ಟಲ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ‘ಪರಿಶೀಲನೆಯಲ್ಲಿದೆ’ ಎಂಬಂಥ ಒಂದೇ ಸಾಲು. ಎಷ್ಟು ರೌಂಡ್ ಆಯಿತು, ಎಲ್ಲಿ ನಿಂತಿತು ಎಂಬುದನ್ನು ಎಚ್‌ಆರ್‌ನವರು ಅವರಿಗೆ ಹೇಳುವುದು ಅಪರೂಪ.

ದಾವಣಗೆರೆಯಲ್ಲಿ ಓದಿದ ಹುಡುಗನೊಬ್ಬನಿಗೆ ಕಾಲೇಜಿನ ಸೀನಿಯರ್ ಒಬ್ಬರು ಟೆಸ್ಟಿಂಗ್ ಕೆಲಸಕ್ಕೆ ರೆಫರಲ್ ಕೊಟ್ಟರು ಎನ್ನಿ. ಅನೇಕ ಕಂಪನಿಗಳಲ್ಲಿ ಆಗ ಅವನ ಮೇಲ್‌ಗೆ ಒಂದು ಲಿಂಕ್ ಬರುತ್ತದೆ, ಅದರಿಂದಲೇ ಅರ್ಜಿ ತುಂಬಬೇಕು. ಮೊದಲೇ ನೇರವಾಗಿಯೋ ಕನ್ಸಲ್ಟೆನ್ಸಿ ಮೂಲಕವೋ ಅರ್ಜಿ ಹಾಕಿದ್ದರೆ ರೆಫರಲ್ ಲೆಕ್ಕಕ್ಕೆ ಬಾರದೆ ಹೋಗಬಹುದು. ಆದ್ದರಿಂದ ‘ಲಿಂಕ್ ಬಂತು ಅಕ್ಕ, ಅರ್ಜಿ ಹಾಕಿದೆ, ಥ್ಯಾಂಕ್ಸ್’ ಎಂದು ಅಂದೇ ತಿಳಿಸಿದರೆ, ಅವರು ಮಾಡಿದ ಕೆಲಸ ಮುಟ್ಟಿತೆಂಬ ಖಾತರಿಯೂ ಸಿಗುತ್ತದೆ.

ಕೆಲಸ ಸಿಗದಿದ್ದಾಗ ಬರೆಯುವುದೇ ಕಷ್ಟ. ಹೀಗೆ ಬರೆದರೆ ಸಾಕು:

“ಅಕ್ಕ, ಎರಡನೇ ಟೆಕ್ನಿಕಲ್ ರೌಂಡ್‌ವರೆಗೆ ಹೋಗಿದ್ದೆ. ಆಟೊಮೇಷನ್ ಅನುಭವ ಸಾಲದು ಅಂದ್ರು. ನಿನ್ನೆ ರಿಜೆಕ್ಟ್ ಆಯ್ತು ಅಂತ ಮೇಲ್ ಬಂತು. ಇಂಟರ್‌ವ್ಯೂ ತನಕ ಹೋಗೋಕೆ ನಿಮ್ಮ ರೆಫರಲ್ಲೇ ದಾರಿ ಮಾಡ್ತು, ತುಂಬಾ ಥ್ಯಾಂಕ್ಸ್. ಈಗ ಸೆಲೆನಿಯಮ್ ಕಲೀತಾ ಇದೀನಿ.”

ಇದರಲ್ಲಿ ಗೋಳಿಲ್ಲ, ಇಂಟರ್‌ವ್ಯೂ ಮಾಡಿದವರ ಮೇಲೆ ದೂರಿಲ್ಲ. ‘ಯಾಕೆ ಬೇಡ ಅಂದ್ರು ಅಂತ ವಿಚಾರಿಸಿ’ ಎಂಬ ಹೊಸ ಹೊರೆಯೂ ಇಲ್ಲ. ಎಲ್ಲಿ ತೊಡಕಾಯಿತೆಂದು ಅಕ್ಕನಿಗೆ ಗೊತ್ತಾಯಿತು. ತಿರಸ್ಕೃತರಾದವರನ್ನು ಕೆಲವು ತಿಂಗಳು ಮತ್ತೆ ಪರಿಗಣಿಸದ ನಿಯಮ ಹಲವು ಕಡೆ ಇದೆ. ಆ ಅವಧಿ ಕಳೆದು ಮ್ಯಾನ್ಯುಯಲ್ ಟೆಸ್ಟಿಂಗ್ ಹುದ್ದೆ ಖಾಲಿಯಾದರೆ, ಯಾರಿಗೆ ಹೇಳಬೇಕೆಂದು ಆಕೆಗೆ ನೆನಪಿರುತ್ತದೆ.

ಕೆಲಸ ಸಿಕ್ಕರೆ ಖುಷಿಯ ಜೊತೆಗೆ ಸೇರುವ ತಾರೀಖನ್ನೂ ತಿಳಿಸಿ. ರೆಫರಲ್ ಬೋನಸ್ ಇರುವ ಕಡೆ ಅದು ಸಾಮಾನ್ಯವಾಗಿ ಹೊಸಬರು ಸೇರಿ ನಿಗದಿತ ಅವಧಿ ಮುಗಿಸಿದ ಮೇಲೆ ಬರುತ್ತದೆ, ಹೀಗಾಗಿ ಆ ತಾರೀಖು ಅವರಿಗೂ ಬೇಕು. ‘ನನಗೆಷ್ಟು ಪಾಲು?’ ಎಂದು ತಮಾಷೆಗೂ ಕೇಳಬೇಡಿ.

ಎಲ್ಲಕ್ಕಿಂತ ನಾಜೂಕಿನದು ಆಫರ್ ಬಿಡುವುದು. ನಮ್ಮ ಐಟಿಯಲ್ಲಿ ನೋಟಿಸ್ ಪೀರಿಯಡ್ 90 ದಿನಗಳವರೆಗೂ ಇರುತ್ತದೆ, ಅಷ್ಟರಲ್ಲಿ ಇನ್ನೊಂದು ಕಂಪನಿ ಹೆಚ್ಚು ಸಂಬಳ ಹೇಳುತ್ತದೆ. ಬದಲಾಯಿಸುವುದು ನಿಮ್ಮಿಷ್ಟ. ಆದರೆ ‘ನೀವು ಕಳಿಸಿದ ಹುಡುಗ ಬರಲೇ ಇಲ್ಲವಲ್ಲ’ ಎಂದು ಮ್ಯಾನೇಜರ್ ಬಾಯಿಂದ ಕೇಳುವ ಪಾಡು ಅಕ್ಕನಿಗೆ ಬರಬಾರದು. ಎಚ್‌ಆರ್‌ಗೆ ಮೇಲ್ ಕಳಿಸುವ ದಿನವೇ ಅವರಿಗೆ ಫೋನ್ ಮಾಡಿ. ಈ ಸುದ್ದಿಗೆ ಮೆಸೇಜ್ ಸಾಲದು.