ಒಂದು ಸ್ಲೈಡ್, ಒಂದು ಮಾತು

ಹೊಸ ಕಂಪನಿ ಕಟ್ಟುವವರು ಬಂಡವಾಳ ಕೇಳಲು ಹೋಗುವಾಗ ಹತ್ತಿಪ್ಪತ್ತು ಸ್ಲೈಡ್‌ಗಳ ಒಂದು ಕಡತ ಒಯ್ಯುತ್ತಾರೆ. ಅದೇ ಪಿಚ್ ಡೆಕ್. ಯಾರ ಯಾವ ತೊಂದರೆಯನ್ನು ನಾವು ನೀಗುತ್ತೇವೆ, ಹೇಗೆ ನೀಗುತ್ತೇವೆ, ಅದಕ್ಕೆ ದುಡ್ಡು ಕೊಡುವವರು ಎಷ್ಟು ಜನ, ನಮಗೆಷ್ಟು ಹಣ ಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಸಾಮಾನ್ಯವಾಗಿ ಅದು ಇಮೇಲ್‌ನಲ್ಲಿ ಮೊದಲು ಹೋಗುತ್ತದೆ, ಮನುಷ್ಯರು ಮುಖಾಮುಖಿಯಾಗುವುದು ಆಮೇಲೆ.

ಆ ಕಡತವನ್ನು ಆಚೆಯವರು ಎಷ್ಟು ಹೊತ್ತು ನೋಡುತ್ತಾರೆ? 2015ರಲ್ಲಿ ಅಮೆರಿಕದ ಡಾಕ್‌ಸೆಂಡ್ ಕಂಪನಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಪ್ರಾಧ್ಯಾಪಕ ಟಾಮ್ ಐಸೆನ್‌ಮನ್ ಜೊತೆ ಸೇರಿ ಸುಮಾರು 200 ಸ್ಟಾರ್ಟಪ್‌ಗಳ ಡೆಕ್‌ಗಳ ಮೇಲೆ ಇದನ್ನು ಅಳೆಯಿತು. ಸರಾಸರಿ ಸಿಕ್ಕಿದ್ದು 3 ನಿಮಿಷ 44 ಸೆಕೆಂಡು. ಒಂದು ಡೆಕ್‌ನಲ್ಲಿ ಸರಾಸರಿ 19 ಸ್ಲೈಡ್‌ಗಳಿದ್ದವು, ಅಂದರೆ ಸ್ಲೈಡೊಂದಕ್ಕೆ ಹನ್ನೆರಡು ಸೆಕೆಂಡೂ ಇಲ್ಲ. ಅದರಲ್ಲೂ ಹಣಕಾಸಿನ ಮತ್ತು ತಂಡದ ಪುಟಗಳು ಹೆಚ್ಚು ಸಮಯ ತಿಂದಿದ್ದರಿಂದ ಉಳಿದವುಗಳ ಪಾಲಿಗೆ ಬಂದದ್ದು ಇನ್ನೂ ಕಡಿಮೆ. ಹನ್ನೆರಡು ಸೆಕೆಂಡಿನಲ್ಲಿ ಓದುಗರು ಒಂದು ಮಾತನ್ನು ಹಿಡಿದುಕೊಳ್ಳಬಲ್ಲರು. ನಾಲ್ಕು ಮಾತು ಇಟ್ಟರೆ ಅವರು ಯಾವುದನ್ನು ಹಿಡಿಯುತ್ತಾರೆ ಎಂಬುದು ಬರೆದವರ ಕೈಯಲ್ಲಿ ಉಳಿಯುವುದಿಲ್ಲ.

ಈ ಲೆಕ್ಕ ಸ್ಥಾಪಕರಿಗೆ ಗೊತ್ತಿಲ್ಲವೆಂದಲ್ಲ. ‘ಕಡಿಮೆ ಬರೆಯಿರಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಗೈ ಕವಾಸಾಕಿ 2005ರಲ್ಲೇ ಹತ್ತು ಸ್ಲೈಡ್, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟ್‌ಗಿಂತ ಸಣ್ಣದಲ್ಲದ ಅಕ್ಷರ ಎಂಬ ಸೂತ್ರ ಕೊಟ್ಟಿದ್ದರು. ಆದರೂ ಡೆಕ್‌ಗಳು ತುಂಬಿ ತುಳುಕುವುದಕ್ಕೆ ಕಾರಣ ಬೇರೆಯೇ ಇದೆ. ಯಾವ ಮಾತು ಮುಖ್ಯ ಎಂದು ಇನ್ನೂ ತೀರ್ಮಾನವಾಗದಿದ್ದಾಗ ನಾವು ಎಲ್ಲವನ್ನೂ ಬರೆಯುತ್ತೇವೆ. ಹಾಗಾಗಿ ಪದ ಕಡಿಯುವುದು ಎರಡನೆಯ ಕೆಲಸ, ತೀರ್ಮಾನವೇ ಮೊದಲನೆಯದು. ಇದನ್ನು ಒಂದು ಕಲ್ಪಿತ ಉದಾಹರಣೆಯ ಮೇಲೆ ಮಾಡಿ ನೋಡೋಣ.

ಸಣ್ಣ ಅಡಿಕೆ ಬೆಳೆಗಾರರಿಗಾಗಿ ಡ್ರೈಯರ್ ಮಾಡುವ ಒಂದು ಸ್ಟಾರ್ಟಪ್ ಎಂದಿಟ್ಟುಕೊಳ್ಳಿ. ಅದರ ಎರಡನೆಯ ಸ್ಲೈಡಿನ ತಲೆಬರಹ ‘ಸಮಸ್ಯೆ’. ಕೆಳಗೆ ಹೀಗಿದೆ:

“ಕರಾವಳಿ ಹಾಗೂ ಮಲೆನಾಡಿನ ಅಡಿಕೆ ಬೆಳೆಗಾರರು ಹವಾಮಾನ ಬದಲಾವಣೆ, ಕೂಲಿಯಾಳುಗಳ ಕೊರತೆ ಮತ್ತು ಸಾಂಪ್ರದಾಯಿಕ ಪದ್ಧತಿಗಳಿಂದಾಗಿ ಅನೇಕ ಸವಾಲುಗಳನ್ನು ಎದುರಿಸುತ್ತಿದ್ದು, ಚಾಲಿ ಅಡಿಕೆ ಒಣಗಲು 40–45 ದಿನ ಬೇಕಾಗುವುದರಿಂದ ಅಕಾಲಿಕ ಮಳೆಗೆ ಸಿಲುಕಿ, ಬೂಷ್ಟು ಹಿಡಿದು, ದರ್ಜೆ ಕುಸಿದು ನಷ್ಟವಾಗುತ್ತದೆ. ಈಗಿರುವ ಯಂತ್ರಗಳು ದೊಡ್ಡ ಬೆಳೆಗಾರರಿಗಷ್ಟೇ ಎಟಕುತ್ತಿದ್ದು, ನಮ್ಮ ನವೀನ, ಪರಿಸರಸ್ನೇಹಿ, ಸ್ಮಾರ್ಟ್ ಡ್ರೈಯರ್ ಸಮಗ್ರ ಪರಿಹಾರ ಒದಗಿಸುತ್ತದೆ.”

ಇದರಲ್ಲಿ ಸುಳ್ಳೇನೂ ಇಲ್ಲ, ಭಾಷೆಯೂ ಕೆಟ್ಟದ್ದಲ್ಲ. ಪದಗಳನ್ನು ಹೊಡೆದುಹಾಕಲು ಹೊರಡುವ ಮುನ್ನ ಪೆನ್ಸಿಲ್ ಹಿಡಿದು ಇಲ್ಲಿರುವ ಪ್ರತಿಪಾದನೆಗಳಿಗೆ ಅಡಿಗೆರೆ ಎಳೆಯಬೇಕು. ಹವಾಮಾನ ಬದಲಾಗಿದೆ. ಕೂಲಿಗೆ ಜನ ಸಿಗುತ್ತಿಲ್ಲ. ಒಣಗಲು ನಲವತ್ತಕ್ಕೂ ಹೆಚ್ಚು ದಿನ ಬೇಕು. ಮಳೆ ಬಂದರೆ ದರ್ಜೆ ಇಳಿಯುತ್ತದೆ. ಈಗಿನ ಯಂತ್ರಗಳು ಸಣ್ಣ ಬೆಳೆಗಾರರಿಗೆ ಎಟಕುವುದಿಲ್ಲ. ನಮ್ಮದು ಒಳ್ಳೆಯದು. ಒಟ್ಟು ಆರು.

ಆರರಲ್ಲಿ ಒಂದನ್ನು ಆರಿಸಲು ಒಂದೇ ಪ್ರಶ್ನೆ ಸಾಕು: ಬೆಳೆಗಾರ ಜೇಬಿನಿಂದ ದುಡ್ಡು ತೆಗೆಯುವುದು ಯಾವುದಕ್ಕಾಗಿ? ಹವಾಮಾನ ಬದಲಾವಣೆಗಾಗಿ ಯಾರೂ ಡ್ರೈಯರ್ ಕೊಳ್ಳುವುದಿಲ್ಲ. ಕೂಲಿಯಾಳಿನ ಕೊರತೆ ನಿಜವೇ, ಆದರೆ ಅದು ಕೊಯ್ಲಿಗೂ ಸುಲಿಯುವುದಕ್ಕೂ ಇದೆ, ಡ್ರೈಯರ್ ಅದನ್ನು ಪೂರ್ತಿ ನೀಗದು. ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಮಳೆ ಸುರಿದು ದರ ಇಳಿಯುತ್ತದಲ್ಲ, ಅದಕ್ಕಾಗಿ ಕೊಳ್ಳುತ್ತಾರೆ. ಅಲ್ಲಿಗೆ ಈ ಸ್ಲೈಡಿನ ಮಾತು ಸಿಕ್ಕಿತು. ಈಗಿನ ಯಂತ್ರಗಳ ವಿಷಯ ಸ್ಪರ್ಧೆಯ ಸ್ಲೈಡಿಗೆ ಹೋಗುತ್ತದೆ, ನಮ್ಮ ಡ್ರೈಯರ್ ಪರಿಹಾರದ ಸ್ಲೈಡಿಗೆ. ಹವಾಮಾನ ಮತ್ತು ಕೂಲಿ ಬಾಯಿಮಾತಿಗೆ ಉಳಿಯುತ್ತವೆ, ಯಾರಾದರೂ ಕೇಳಿದರೆ ಹೇಳಿದರಾಯಿತು.

ಹೊಸ ಸ್ಲೈಡ್ ಹೀಗಾಗುತ್ತದೆ:

ಅಕಾಲದ ಮಳೆಗೆ ಚಾಲಿಯ ದರ ಇಳಿಯುತ್ತದೆ
ಅಂಗಳದಲ್ಲಿ ಒಣಗಲು 40–45 ದಿನ
ನಡುವೆ ಮಳೆ ಬಂದರೆ ಬೂಷ್ಟು
ಬೂಷ್ಟು ಹಿಡಿದರೆ ಕ್ವಿಂಟಲಿಗೆ ____ ರೂಪಾಯಿ ಕಡಿಮೆ

ಮೂರನೆಯ ಸಾಲಿನ ಆ ಖಾಲಿ ಜಾಗವನ್ನು ಬೇಕೆಂದೇ ಬಿಟ್ಟಿದ್ದೇನೆ. ಮೊದಲಿನ ಪ್ಯಾರಾದಲ್ಲಿ ‘ನಷ್ಟವಾಗುತ್ತದೆ’ ಎಂಬ ಪದ ಸರಾಗವಾಗಿ ಕೂತಿತ್ತು, ಎಷ್ಟು ನಷ್ಟ ಎಂದು ಯಾರಿಗೂ ಕೇಳಬೇಕೆನಿಸಿರಲಿಲ್ಲ. ಸಾಲು ಗಿಡ್ಡವಾದೊಡನೆ ಅಂಕಿ ಇಲ್ಲದಿರುವುದು ಕಣ್ಣಿಗೆ ಹೊಡೆಯುತ್ತದೆ. ಅದನ್ನು ತುಂಬಲು ಸ್ಥಾಪಕರು ಬೆಳೆಗಾರರ ಮನೆಗೆ ಹೋಗಿ, ಮಂಡಿಯ ರಸೀದಿಗಳನ್ನು ನೋಡಿ, ಒಳ್ಳೆಯ ಚಾಲಿಗೂ ಬೂಷ್ಟು ಹಿಡಿದದ್ದಕ್ಕೂ ಆ ವರ್ಷ ಇದ್ದ ದರದ ಅಂತರವನ್ನು ಬರೆದುಕೊಳ್ಳಬೇಕು. ಪಠ್ಯ ಬಿಗಿಗೊಳಿಸುವ ಕೆಲಸದಿಂದ ಸಿಗುವ ದೊಡ್ಡ ಲಾಭ ಇದೇ ಎಂದು ನಾನು ನಂಬುತ್ತೇನೆ. ಉದ್ದ ವಾಕ್ಯ ಮುಚ್ಚಿಟ್ಟುಕೊಳ್ಳುವ ಕೊರತೆಯನ್ನು ಗಿಡ್ಡ ಸಾಲು ಹೊರಗೆ ಹಾಕುತ್ತದೆ, ಅದೂ ಹೂಡಿಕೆದಾರರು ಕಾಣುವ ಮೊದಲೇ.

ಸ್ಲೈಡಿನಲ್ಲಿ ಮೂರು ಸಾಲಿದ್ದರೂ ಮಾತು ಒಂದೇ ಎಂಬುದನ್ನು ಗಮನಿಸಿ. ಒಣಗಲು ದಿನ ಹಿಡಿಯುವುದರಿಂದ ಮಳೆಗೆ ಸಿಗುತ್ತದೆ, ಮಳೆಗೆ ಸಿಕ್ಕಿದ್ದರಿಂದ ದರ ಹೋಗುತ್ತದೆ. ಮೂರೂ ತಲೆಬರಹವನ್ನೇ ಹೊರುತ್ತವೆ. ಏರ್‌ಬಿಎನ್‌ಬಿ ಇನ್ನೂ ‘ಏರ್‌ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಆಗಿದ್ದಾಗ ಮಾಡಿದ, ಈಗ ಎಲ್ಲರೂ ನೋಡಬಹುದಾದ ಡೆಕ್‌ನಲ್ಲೂ ಹೀಗೇ ಇದೆ. ಮೊದಲ ಸ್ಲೈಡಿನಲ್ಲಿ ಹೋಟೆಲಿನ ಬದಲು ಊರಿನವರ ಮನೆಯಲ್ಲೇ ಕೋಣೆ ಕಾದಿರಿಸಿ ಎಂಬರ್ಥದ ಒಂದೇ ಸಾಲು. ಸಮಸ್ಯೆಯ ಸ್ಲೈಡಿನಲ್ಲಿ ಮೂರು ಸಾಲು: ಪ್ರಯಾಣಿಕರಿಗೆ ಬೆಲೆ ಮುಖ್ಯ, ಹೋಟೆಲು ಊರಿನಿಂದ ದೂರ ಇಡುತ್ತದೆ, ಊರಿನವರ ಮನೆಯಲ್ಲಿ ಕೋಣೆ ಹಿಡಿಯಲು ಸುಲಭದ ದಾರಿಯಿಲ್ಲ. ಮೂರೂ ಸೇರಿ ಹೇಳುವುದು ಹೋಟೆಲಿಗೆ ಬದಲಿ ಬೇಕು ಎಂಬುದನ್ನೇ. ಆದರೆ ಚೊಕ್ಕ ಡೆಕ್ ಇದ್ದರೆ ಹಣ ಬಂದೇ ಬರುತ್ತದೆ ಎಂದೇನಲ್ಲ. 2008ರ ಬೇಸಿಗೆಯಲ್ಲಿ ಅವರು ಒಂದೂವರೆ ಲಕ್ಷ ಡಾಲರ್ ಕೇಳಿಕೊಂಡು ಏಳು ಹೂಡಿಕೆದಾರರನ್ನು ಸಂಪರ್ಕಿಸಿದ್ದರು. ಐವರು ಬೇಡವೆಂದರು, ಇಬ್ಬರು ಉತ್ತರಿಸಲೇ ಇಲ್ಲ. ಸಹಸ್ಥಾಪಕ ಬ್ರಯಾನ್ ಚೆಸ್ಕಿ 2015ರಲ್ಲಿ ಆ ಪತ್ರಗಳನ್ನು ತಾವೇ ಪ್ರಕಟಿಸಿದರು.

ತಲೆಬರಹದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ‘ಸಮಸ್ಯೆ’, ‘ಪರಿಹಾರ’, ‘ಮಾರುಕಟ್ಟೆ’ ಎಂಬವು ಪುಟದ ಅತಿ ದೊಡ್ಡ ಅಕ್ಷರಗಳಲ್ಲಿ ಏನನ್ನೂ ಹೇಳದ ಪದಗಳು. ಆ ಜಾಗದಲ್ಲಿ ಕ್ರಿಯಾಪದವಿರುವ ಪೂರ್ಣ ವಾಕ್ಯ ಬೇಕು, ಯಾರಾದರೂ ಒಪ್ಪಬಹುದಾದ ಅಥವಾ ಅಲ್ಲಗಳೆಯಬಹುದಾದ ವಾಕ್ಯ. ತಲೆಬರಹದಲ್ಲಿ ‘ಮತ್ತು’ ಬಂದರೆ ಬಹುಮಟ್ಟಿಗೆ ಅದು ಎರಡು ಸ್ಲೈಡ್. ಕನ್ನಡದಲ್ಲಿ ಬರೆಯುವವರು ಇನ್ನೂ ಒಂದು ಎಚ್ಚರ ವಹಿಸಬೇಕು. ‘ಸಿಲುಕಿ, ಹಿಡಿದು, ಕುಸಿದು’ ಎಂದು ಪೋಣಿಸುತ್ತಾ ಹೋದರೆ ‘ಮತ್ತು’ ಇಲ್ಲದೆಯೇ ನಾಲ್ಕು ಸಂಗತಿಗಳು ಒಂದೇ ವಾಕ್ಯದೊಳಗೆ ಸೇರಿಬಿಡುತ್ತವೆ. ಅಂಥ ಸರಪಳಿಯನ್ನು ಕಂಡಲ್ಲಿ ಬಿಡಿಸಿ ಬೇರೆ ಬೇರೆ ಸಾಲು ಮಾಡಬೇಕು.

ಆದರೆ ತಲೆಬರಹ ತಪ್ಪಾದರೆ ಗಿಡ್ಡ ಸಾಲುಗಳು ಅಪಾಯ ತರುತ್ತವೆ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ ಫೋಮಿನ ತುಂಡೊಂದು ಅದರ ರೆಕ್ಕೆಗೆ ಬಡಿಯಿತು. ಹಾನಿಯ ಅಂದಾಜು ಮಾಡಿದ ಎಂಜಿನಿಯರುಗಳ ಸ್ಲೈಡೊಂದರ ತಲೆಬರಹ, ಪರೀಕ್ಷೆಗಳ ಲೆಕ್ಕದಲ್ಲಿ ಸುರಕ್ಷತೆಯ ಅಂಚು ಸಾಕಷ್ಟಿದೆ ಎಂಬ ಭಾವನೆ ಬರುವಂತಿತ್ತು. ಪುಟದ ತಳದಲ್ಲಿ, ಒಳಗೊಳಗೆ ಸರಿಸಿದ ಸಣ್ಣ ಸಾಲುಗಳ ನಡುವೆ ನಿಜವಾದ ವಿಷಯವಿತ್ತು: ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚಿನದು, ನೌಕೆಗೆ ಬಡಿದದ್ದು ಸುಮಾರು 1,920 ಘನ ಇಂಚಿನದು, ಅಂದರೆ 640 ಪಟ್ಟು ದೊಡ್ಡದು. ಫೆಬ್ರುವರಿ 1ರಂದು ನೌಕೆ ಮರಳುವಾಗ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಜನ ಸತ್ತರು. ತನಿಖಾ ಮಂಡಳಿ ಇಂಥ ಸ್ಲೈಡುಗಳ ರೂಢಿಯನ್ನೇ ತನ್ನ ವರದಿಯಲ್ಲಿ ಟೀಕಿಸಿತು, ಎಡ್ವರ್ಡ್ ಟಫ್ಟಿ ಆ ಪುಟವನ್ನು ಸಾಲು ಸಾಲಾಗಿ ವಿಶ್ಲೇಷಿಸಿದರು. ಸ್ಟಾರ್ಟಪ್‌ನಲ್ಲಿ ಪ್ರಾಣ ಹೋಗುವುದಿಲ್ಲ, ಆದರೆ ಬೇರೆಯವರ ಹಣ ಹೋಗುತ್ತದೆ. ನಮ್ಮ ಡ್ರೈಯರ್ ಒಂದೇ ತೋಟದಲ್ಲಿ, ಒಂದೇ ಹಂಗಾಮಿನಲ್ಲಿ ಓಡಿದ್ದರೆ ಅದು ಫಲಿತಾಂಶದ ಸ್ಲೈಡಿನ ಮೊದಲ ಸಾಲಿನಲ್ಲೇ ಇರಬೇಕು. ಅದನ್ನು ಅಡಿಟಿಪ್ಪಣಿಗೆ ಇಳಿಸುವುದು ಮುಚ್ಚಿಡುವುದೇ ಆಗುತ್ತದೆ.

ಮುಂದಿನ ಸ್ಲೈಡುಗಳು ಬೇಗ ಆಗುತ್ತವೆ. ಪರಿಹಾರದಲ್ಲಿ ‘ನವೀನ, ಪರಿಸರಸ್ನೇಹಿ, ಸ್ಮಾರ್ಟ್’ ಇವೆಯಲ್ಲ, ಇವುಗಳ ವಿರುದ್ಧ ಪದವನ್ನು ಯಾರಾದರೂ ತಮ್ಮ ಯಂತ್ರಕ್ಕೆ ಅಂಟಿಸಿಕೊಂಡಾರೆಯೇ ಎಂದು ಕೇಳಿ. ‘ನಮ್ಮದು ಹಳೆಯ, ದಡ್ಡ ಡ್ರೈಯರ್’ ಎಂದು ಯಾರೂ ಹೇಳುವುದಿಲ್ಲವಾದ್ದರಿಂದ ಮೂರೂ ಹೋಗಲಿ. ಎಷ್ಟು ದಿನದಲ್ಲಿ ಒಣಗುತ್ತದೆ ಎಂಬ ಒಂದು ಸಾಲು ಮತ್ತು ಯಂತ್ರದ ಚಿತ್ರ ಸಾಕು. ಸ್ಪರ್ಧೆಯಲ್ಲಿ ದೊಡ್ಡ ಕಂಪನಿಗಳ ಲೋಗೋ ಜೋಡಿಸುವುದಕ್ಕಿಂತ ಬೆಳೆಗಾರ ಈಗ ಬಳಸುವ ಟಾರ್ಪಾಲನ್ನೂ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡನ್ನೂ ಹೆಸರಿಸುವುದು ಪ್ರಾಮಾಣಿಕ. ನಿಜವಾದ ಎದುರಾಳಿಗಳು ಅವೇ.

ಮಾರುಕಟ್ಟೆಯ ಸ್ಲೈಡಿನಲ್ಲಿ ದೇಶದ ಇಡೀ ಅಡಿಕೆ ವಹಿವಾಟಿನ ಅಂಕಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಆ ಅಂಕಿ ಡ್ರೈಯರ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೊದಲು ಮಾರಲು ಹೊರಟ ತಾಲೂಕುಗಳಲ್ಲಿ ಕೊಳ್ಳಬಲ್ಲ 8,000 ಬೆಳೆಗಾರರಿದ್ದಾರೆ, ಯಂತ್ರಕ್ಕೆ 60,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ‘ಮೊದಲ ಮಾರುಕಟ್ಟೆ 48 ಕೋಟಿ’ ಎಂಬ ತಲೆಬರಹದ ಕೆಳಗೆ ಆ ಗುಣಾಕಾರವನ್ನೇ ಒಂದು ಸಾಲಾಗಿ ಬರೆಯಬಹುದು. ಓದುವವರು ತಲೆಯಲ್ಲೇ ಪರೀಕ್ಷಿಸಬಲ್ಲ ಲೆಕ್ಕ ಅದು. 8,000 ಎಂಬುದು ಎಲ್ಲಿಂದ ಬಂತು ಎಂದು ಅವರು ಖಂಡಿತ ಕೇಳುತ್ತಾರೆ, ಆ ಉತ್ತರ ಡೆಕ್‌ನ ಕೊನೆಯಲ್ಲಿ ಅನುಬಂಧವಾಗಿ ಇರಲಿ. ಹಣ ಕೇಳುವ ಸ್ಲೈಡಿನಲ್ಲೂ ಎಷ್ಟು, ಎಷ್ಟು ತಿಂಗಳಿಗೆ, ಅಷ್ಟರಲ್ಲಿ ಎಷ್ಟು ಯಂತ್ರ ಮಾರಿರುತ್ತೇವೆ ಎಂಬ ಮೂರನ್ನು ಬಿಟ್ಟು ಬೇರೇನೂ ಬೇಡ.

ಇಮೇಲ್‌ನಲ್ಲಿ ಕಳಿಸುವ ಡೆಕ್ಕೂ ಎದುರು ನಿಂತು ತೋರಿಸುವ ಡೆಕ್ಕೂ ಒಂದೇ ಆಗಬೇಕಿಲ್ಲ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಸ್ಥಾಪಕರು ತೀರ್ಪುಗಾರರ ಮುಂದೆ ನಿಂತು ಮಾತಾಡುತ್ತಾರೆ. ಅಂಥಲ್ಲಿ ತಲೆಬರಹ ಮತ್ತು ಚಿತ್ರವಿದ್ದರೆ ಸಾಕು, ಉಳಿದದ್ದನ್ನು ಬಾಯಿ ಹೇಳುತ್ತದೆ. ತೆರೆಯ ಮೇಲೆ ಪ್ಯಾರಾ ಇದ್ದರೆ ಕೇಳುಗರು ಅದನ್ನು ಓದುತ್ತಾರೆ, ಮಾತನ್ನು ಕೇಳುವುದಿಲ್ಲ. ಇಮೇಲ್ ಡೆಕ್ಕಿನ ಜೊತೆ ಹೇಳುವವರಿರುವುದಿಲ್ಲ, ಆದ್ದರಿಂದ ತಲೆಬರಹದ ಕೆಳಗೆ ಆ ಎರಡು ಮೂರು ಸಾಲು ಬೇಕೇ ಬೇಕು. ಬರೀ ‘ಮಳೆ = ನಷ್ಟ’ ಎಂದು ಬರೆದು ಕಳಿಸಿದರೆ ಬಿಗಿಮಾಡುವುದು ಅತಿಯಾಯಿತು ಎಂದೇ ಅರ್ಥ. ಯಾರಿಗೆ, ಯಾವಾಗ, ಎಷ್ಟು ಎಂಬ ಮೂರೂ ಅಲ್ಲಿ ಕಳೆದುಹೋಗಿವೆ.

ಡೆಕ್ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಬಹುದು. ಮೊದಲನೆಯದಕ್ಕೆ ತಲೆಬರಹಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಕ್ರಮವಾಗಿ ಬರೆದು ಗಟ್ಟಿಯಾಗಿ ಓದಬೇಕು. ‘ಅಕಾಲದ ಮಳೆಗೆ ಚಾಲಿಯ ದರ ಇಳಿಯುತ್ತದೆ’ ಎಂದಾದ ಮೇಲೆ ನೇರ ‘ಮೊದಲ ಮಾರುಕಟ್ಟೆ 48 ಕೋಟಿ’ ಬಂದರೆ ನಡುವೆ ಏನೋ ತಪ್ಪಿದೆ ಎಂದು ಕಿವಿಗೇ ಗೊತ್ತಾಗುತ್ತದೆ. ಎರಡನೆಯದಕ್ಕೆ ಈ ಕಂಪನಿಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರು ಬೇಕು. ಒಂದು ಸ್ಲೈಡನ್ನು ಹತ್ತು ಸೆಕೆಂಡು ತೋರಿಸಿ, ಮುಚ್ಚಿ, ಏನು ಓದಿದಿರಿ ಎಂದು ಕೇಳಿ. ಅವರು ‘ಅಡಿಕೆಗೆ ಬೂಷ್ಟು ಹಿಡಿಯುತ್ತದಂತೆ’ ಎಂದರೆ ದರದ ಮಾತು ಅವರಿಗೆ ತಲುಪಿಲ್ಲ. ಆಗ ಸ್ಥಾಪಕರು ವಿವರಿಸಲು ಹೋಗಬಾರದು. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು, ದರದ ಅಂಕಿಯನ್ನು ಮೂರನೆಯ ಸಾಲಿನಿಂದ ತಲೆಬರಹಕ್ಕೇ ಎತ್ತಿ, ಆ ಸ್ಲೈಡನ್ನು ಇನ್ನೊಬ್ಬ ಅಪರಿಚಿತರಿಗೆ ತೋರಿಸಬೇಕು.