ಆಡಿಟ್ ಮುಗಿದ ಮೇಲಿನ ಸಭೆಯಲ್ಲಿ ಏನಾಗುತ್ತೆ? ಪಿಗ್ಮಿ ಕಟ್ಟೋ ಅಂಗಡಿಯವರು ತಿಳಿದಿರಬೇಕಾದ ವಿಷಯ

ಇಟ್ಟಂಗಿಹಾಳ: ಇಲ್ಲಿಂದ ತಿಕೋಟಾ, ಬಬಲೇಶ್ವರದವರೆಗೆ ಪತ್ತಿನ ಸಂಘಕ್ಕೆ ದಿನಾ ಪಿಗ್ಮಿ ಕಟ್ಟುವ ಅಂಗಡಿಯವರು ಬಹಳ ಮಂದಿ. ಸಂಘದಲ್ಲಿಟ್ಟ ಠೇವಣಿಗೆ ಬ್ಯಾಂಕಿನಂತೆ 5 ಲಕ್ಷ ರೂಪಾಯಿವರೆಗಿನ ವಿಮೆ ಇರುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ನಡೆಯುವ ಆಡಿಟ್ಟೇ ದೊಡ್ಡ ಕಾವಲು.

ಹೊರಗಿನ ಲೆಕ್ಕಪರಿಶೋಧಕರು ಕೆಲಸ ಮುಗಿಸಿ ಹೊರಡುವ ಮುನ್ನ ಆಡಳಿತ ಮಂಡಳಿ ಜೊತೆ ಕೂತು ತಮಗೆ ಕಂಡ ತಪ್ಪುಗಳನ್ನು ಹೇಳುತ್ತಾರೆ. ಇದಕ್ಕೆ ಎಕ್ಸಿಟ್ ಮೀಟಿಂಗ್ ಅಂತಾರೆ. ಯಾವ ತಪ್ಪು ಸಿಕ್ಕಿತು, ಸಂಘ ಏನು ಉತ್ತರ ಕೊಟ್ಟಿತು, ಯಾರು ಯಾವಾಗ ಸರಿಪಡಿಸಬೇಕು ಅನ್ನೋದು ಅದರ ನಡಾವಳಿಯಲ್ಲಿ ದಾಖಲಾಗುತ್ತದೆ. ಇದು ಅಂತಿಮ ವರದಿ ಅಲ್ಲ, ವರದಿಗೆ ಮೊದಲಿನ ಮೆಟ್ಟಿಲು.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಪರಿಶೋಧಕರು 40 ಗ್ರಾಹಕರ ಪಿಗ್ಮಿ ಪಾಸ್‌ಬುಕ್ ತರಿಸಿ ಸಂಘದ ಖಾತೆ ಪುಸ್ತಕದ ಜೊತೆ ತಾಳೆ ನೋಡಿದರು. 6 ಪಾಸ್‌ಬುಕ್‌ಗಳಲ್ಲಿ ಸಂಘದ ಲೆಕ್ಕಕ್ಕಿಂತ ಒಟ್ಟು 45,000 ರೂಪಾಯಿ ಹೆಚ್ಚಿತ್ತು. ಆರೂ ಗ್ರಾಹಕರು ಒಬ್ಬನೇ ಏಜೆಂಟನ ಕಡೆಯವರು. ಅಂದ್ರೆ ಆತ ಹಣ ಪಡೆದು ಪಾಸ್‌ಬುಕ್‌ನಲ್ಲಿ ಬರೆದಿದ್ದಾನೆ, ಸಂಘಕ್ಕೆ ಕಟ್ಟಿಲ್ಲ ಎಂಬ ಅನುಮಾನ.

ಸಭೆಯಲ್ಲಿ ಸಂಘ ಇದನ್ನು ಒಪ್ಪಿತು ಅಂತಿಟ್ಟುಕೊಳ್ಳಿ. ‘ಮುಂದೆ ಗಮನ ಹರಿಸಲಾಗುವುದು’ ಅಂತ ಬರೆದರೆ ಅದು ಉತ್ತರವೇ ಅಲ್ಲ. ಒಳ್ಳೆ ನಡಾವಳಿ ಹೀಗಿರುತ್ತದೆ: ಏಜೆಂಟನ 20,000 ರೂಪಾಯಿ ಭದ್ರತಾ ಠೇವಣಿ ಹೊಂದಿಸಿ, ಉಳಿದ 25,000 ರೂಪಾಯಿಯನ್ನು 15 ದಿನದಲ್ಲಿ ವಸೂಲಿ ಮಾಡುವುದು, ಆತನ ಎಲ್ಲಾ ಗ್ರಾಹಕರ ಪಾಸ್‌ಬುಕ್‌ಗಳನ್ನು 30 ದಿನದಲ್ಲಿ ತಾಳೆ ನೋಡುವುದು, ಹೊಣೆ ಕಾರ್ಯದರ್ಶಿಯದು. ಎರಡನೇ ಅಂಶವೇ ಮುಖ್ಯ. ಯಾಕಂದ್ರೆ ನೋಡಿದ್ದು ಬರೀ 40 ಪಾಸ್‌ಬುಕ್, ಉಳಿದವುಗಳಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ.

ಎಲ್ಲಾ ಮಾತಿಗೂ ಸಂಘ ಒಪ್ಪಲೇಬೇಕೆಂದಿಲ್ಲ. ಕಟಬಾಕಿಯಾದ ಸಾಲವೊಂದಕ್ಕೆ ಲಾಭದಲ್ಲಿ ಹಣ ತೆಗೆದಿಡಿ ಅಂತ ಪರಿಶೋಧಕರು ಹೇಳಬಹುದು. ‘ಸಾಲಗಾರ ಸುಗ್ಗಿಗೆ ಕಟ್ತಾನ್ರಿ’ ಅಂತ ನಿರ್ದೇಶಕರು ವಾದಿಸಬಹುದು. ಆಗ ಎರಡೂ ಮಾತು ನಡಾವಳಿಗೆ ಸೇರುತ್ತವೆ. ಸಾಲ ಮರುಪಾವತಿಯಾದ ರಸೀದಿ ತೋರಿಸದಿದ್ದರೆ ಆಕ್ಷೇಪಣೆ ವರದಿಯಲ್ಲೂ ಉಳಿಯುತ್ತದೆ. ದಾಖಲೆ ಕೊಟ್ಟರೆ ಮಾತ್ರ ಕೈಬಿಡುತ್ತಾರೆ, ಬಾಯಿಮಾತಿಗಲ್ಲ.

ಸಂಘದ ಸದಸ್ಯರಿಗೆ ಇದನ್ನು ಕೇಳುವ ಜಾಗ ವಾರ್ಷಿಕ ಮಹಾಸಭೆ. ಅಲ್ಲಿ ಆಡಿಟ್ ವರದಿ ಮಂಡನೆಯಾದಾಗ ಹೋದ ವರ್ಷದ ವರದಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅದೇ ಆಕ್ಷೇಪಣೆ ಮತ್ತೆ ಬಂದಿದ್ದರೆ, ಒಪ್ಪಿಕೊಂಡ ಕೆಲಸ ಆಗಿಲ್ಲ ಅಂತಲೇ ಅರ್ಥ. ಅದಕ್ಕೂ ಮೊದಲು ಪ್ರತಿಯೊಬ್ಬರೂ ಮಾಡಬಹುದಾದ ಕೆಲಸ ಒಂದಿದೆ. ತಿಂಗಳಿಗೊಮ್ಮೆ ಏಜೆಂಟನ ಕೈಗೆ ಕೊಡದೆ, ಪಾಸ್‌ಬುಕ್ ಹಿಡಿದು ನೀವೇ ಸಂಘದ ಕೌಂಟರ್‌ಗೆ ಹೋಗಿ ಬಾಕಿ ತಾಳೆ ನೋಡಿ.